ಬರೆದ ಕೊನೆ ದಿನ

ಅಂಗಡಿಯ ಮಹಡಿಯ ಮೇಲಿನ ಕೋಣೆಯಲ್ಲಿ ಹಬ್ಬದ ಸೀಸನ್ ಶುರುವಾಯಿತೆಂದರೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಂದು ಗೋಡೆಯ ಉದ್ದಕ್ಕೂ ಮಡಿಸದ ರಟ್ಟಿನ ಪೆಟ್ಟಿಗೆಗಳ ಅಟ್ಟಿ. ಇನ್ನೊಂದು ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಅದರೆದುರು ಒಂದು ಉಂಗುರದ ದೀಪ ನಿಲ್ಲಿಸಿ ಮಾಡಿಕೊಂಡ ಫೋಟೊ ಮೂಲೆ. ನಡುವೆ ಉದ್ದನೆಯ ಮೇಜು. ಆ ಮೇಜಿನ ಒಂದು ತುದಿಯಲ್ಲಿ ಮಡಿಕೆ ಮಾಮ ನಿಂತು ಸೀರೆ ಅಳೆದು ಮಡಿಸುತ್ತಿದ್ದರೆ, ಇನ್ನೊಂದು ತುದಿಯಲ್ಲಿ ಪುಟ್ಟಿ ಕಂಪ್ಯೂಟರ್ ಮುಂದೆ ಕೂತು ಆ ಸೀರೆಗಳ ಬಗ್ಗೆ ಬರೆಯುತ್ತಿದ್ದಳು.

ಪುಟ್ಟಿ ಅನ್ನುವುದು ಮನೆಯ ಹೆಸರು. ಮೂವತ್ತು ದಾಟಿ ಎಷ್ಟೋ ವರ್ಷವಾಗಿ, ಕಿವಿಯ ಮೇಲೆ ಎರಡು ಬಿಳಿ ಕೂದಲು ಇಣುಕಿದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಒಮ್ಮೆ ಚಿಕ್ಕಪ್ಪ ಅಂಗಡಿಗೆ ಬಂದವನು ಕೆಳಗಿನಿಂದಲೇ "ಪುಟ್ಟೀ" ಎಂದು ಕೂಗಿದ್ದ. ಅವತ್ತಿನಿಂದ ಅಂಗಡಿಯವರಿಗೂ ಅವಳು ಪುಟ್ಟಿಯೇ ಆದಳು.

ಮಾರಾಟದ ಬರವಣಿಗೆಗೆ ಒಂದು ಕ್ರಮವಿತ್ತು. ಅಂಗಡಿಯ ಒಡತಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಸೀಸನ್‌ಗೆ ಮೊದಲು ಒಂದು ಮಧ್ಯಾಹ್ನ ಅಕ್ಕ ಮೇಲೆ ಬಂದು ಪುಟ್ಟಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂರುವಳು. ಅದೊಂದೇ ಕೂರಿಕೆಯಲ್ಲಿ ಇಡೀ ಮಾರಾಟದ ಮಾತೆಲ್ಲ ಬರೆದಾಗಬೇಕು. ಮೊದಲು 'ಬರುತ್ತಿದೆ' ಎನ್ನುವ ಪೋಸ್ಟು, ಆಮೇಲೆ 'ಬಂತು', ಆಮೇಲೆ ದಿನ ಎಣಿಸುವ ಪೋಸ್ಟುಗಳು, ಕೊನೆಗೆ ಕೊನೆಯ ದಿನದ ನೆನಪೋಲೆಗಳು: ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಬರೆದು, ಫೋಟೊ ಸೇರಿಸಿ, ಯಾವುದು ಯಾವಾಗ ಹೋಗಬೇಕೆಂದು ಟೈಮ್ ಹಾಕಿಟ್ಟರೆ ಪೇಜಿನಲ್ಲಿ ಅವು ತಮ್ಮಷ್ಟಕ್ಕೆ ತಾವೇ ಹೋಗುತ್ತಿದ್ದವು. ಸೀಸನ್ ಕುದಿಯತೊಡಗಿದ ಮೇಲೆ ಕೂತು ಬರೆಯಲು ಪುರುಸೊತ್ತು ಯಾರಿಗಿದೆ? ಆಗ ಪೆಟ್ಟಿಗೆ ಕಟ್ಟುವುದಕ್ಕೇ ಕೈ ಸಾಲದು.

"ಬರಿ," ಎಂದಳು ಅಕ್ಕ. "ಇನ್ನು ಐದೇ ದಿನ."

ಪುಟ್ಟಿ ಬರೆದಳು: 'ಇನ್ನು ಐದು ದಿನ. ಮಗ್ಗ ನಿಧಾನ. ಹಬ್ಬ ನಿಧಾನವಲ್ಲ.'

"ಅಬ್ಬಬ್ಬಾ," ಎಂದ ಮಡಿಕೆ ಮಾಮ ಆ ತುದಿಯಿಂದ. ಅವನಿಗೆ ಕಿವಿ ಚುರುಕು. "ಇದನ್ನ ಓದಿದ್ರೆ ನಂಗೇ ಒಂದು ಸೀರೆ ಉಟ್ಕೊಳ್ಳೋಣ ಅನ್ಸುತ್ತೆ."

"ನೀನು ಉಟ್ರೆ ಅದನ್ನೂ ಫೋಟೊ ಹಾಕ್ತೀವಿ ಬಿಡು," ಎಂದಳು ಅಕ್ಕ. "ಮೂರು ದಿನದ್ದು?"

'ಇನ್ನು ಮೂರು ದಿನ. ಬೆಲೆ ಕೇಳಿ ಸುಮ್ಮನಾದವರೇ, ನಿಮ್ಮ ಸೀರೆ ಇನ್ನೂ ಇಲ್ಲೇ ಇದೆ. ಯಾರದೋ ಪಾಲಾಗುವ ಮುನ್ನ ಬನ್ನಿ.'

"ಕೊನೆ ದಿನದ್ದು?"

'ಇವತ್ತೇ ಕೊನೆ. ಸಂಜೆ ಏಳಕ್ಕೆ ಮುಗಿಯಿತು. ಆಮೇಲೆ ಕೇಳಿದರೆ ಇಲ್ಲ ಅನ್ನುವುದಕ್ಕೆ ನಮಗೂ ಬೇಜಾರು. ಆದರೆ ಇಲ್ಲ ಅನ್ನಲೇಬೇಕಾಗುತ್ತದೆ.'

ಅಕ್ಕ ಅದನ್ನು ಎರಡು ಸಲ ಓದಿಸಿಕೊಂಡಳು. "ಇದು ಮಾತು ಅಂದ್ರೆ. ಮನೆಯವರೇ ಕೂತು ಹೇಳ್ದಂಗಿದೆ. ಹೂಂ, ಈಗ ಅವಧಿ ವಿಸ್ತರಣೆದು ಬರ್ದುಬಿಡು, ಒಂದು ಕೆಲಸ ಮುಗೀಲಿ."

ಪುಟ್ಟಿ ಅದನ್ನೂ ಬರೆದಳು. 'ನಿಮ್ಮ ಒತ್ತಾಯಕ್ಕೆ ಮಣಿದು, ಬರುವ ಭಾನುವಾರದವರೆಗೆ. ನೀವು ಕೇಳಿದಿರಿ, ಇಲ್ಲವೆನ್ನಲು ನಮಗೆ ಬಾಯಿ ಬರಲಿಲ್ಲ.' ಕೊನೆಯ ದಿನವೇ ರಾತ್ರಿ ಎಂಟಕ್ಕೆ ಹೋಗುವಂತೆ ಟೈಮ್ ಹಾಕಿದಳು. ಆ ಒತ್ತಾಯವನ್ನು ಆಗಿನ್ನೂ ಒಬ್ಬರೂ ಮಾಡಿರಲಿಲ್ಲ. ಮಾರಾಟವೇ ಶುರುವಾಗಿರಲಿಲ್ಲ.

ಅಂಗಡಿ ಸೇರಿದ ಹೊಸದರಲ್ಲಿ ಅವಳು ಇದನ್ನು ಅಕ್ಕನ ಹತ್ತಿರ ಕೇಳಿದ್ದಳು. ಅಕ್ಕ ಸಿಟ್ಟು ಮಾಡಿಕೊಂಡಿರಲಿಲ್ಲ. "ಸುಳ್ಳಲ್ಲ ಕಣೆ, ವಾಡಿಕೆ," ಎಂದಿದ್ದಳು. "ಅರ್ಧ ಜನ ಕೊನೆ ದಿನ ಅಂದ್ರೇನೇ ಎದ್ದು ಬರೋದು. ಇನ್ನೊಂದಷ್ಟು ಜನ ಅದೂ ಮುಗಿದ್ಮೇಲೆ ಅಯ್ಯೋ ಅಂತ ಕೈ ಕೈ ಹಿಸುಕ್ಕೊಳ್ಳೋರು. ಅವರನ್ನ ಹಂಗೇ ಬಿಡಕ್ಕಾಗುತ್ತಾ? ಊರಿಗೆಲ್ಲ ಗೊತ್ತಿರೋ ವಿಷಯ ಇದು." ಪುಟ್ಟಿಗೆ ಅದು ಸರಿಯೆನಿಸಿತ್ತು. ಅಥವಾ ಸರಿಯೆನಿಸುವಷ್ಟು ಸಲ ಅವಳೇ ಅದನ್ನು ಬರೆದಿದ್ದಳು.

ಕುರ್ಚಿಯಿಂದ ಏಳುತ್ತಾ ಅಕ್ಕ ಹೇಳಿದಳು: "ನೇಕಾರರಿಗೆಲ್ಲ ಒಂದು ಫೋನ್ ಹಾಕ್ಬಿಡು. ಆ ಭಾನುವಾರದವರೆಗೂ ಮಾಲು ಬಂದ್ರೂ ನಡಿಯುತ್ತೆ, ಪೋಸ್ಟು ನೋಡಿ ಗಾಬರಿ ಬೀಳ್ಬೇಡಿ ಅಂತ. ಪಾಪ, ಕೈಕೆಲಸ. ಮೊದ್ಲು ನಿನ್ನ ಚಿಕ್ಕಪ್ಪನಿಗೆ ಹೇಳು. ಅವನ ಮಗ್ಗದ ಮೇಲಿರೋ ಆ ಮೂರನೇ ಸೀರೆ ನಿಧಾನಕ್ಕೆ ಬರ್ಲಿ."

'ಬರುತ್ತಿದೆ' ಪೋಸ್ಟು ಹೋದ ಮಾರನೆಯ ದಿನ ಪುಟ್ಟಿ ಸಾಲಾಗಿ ಫೋನ್ ಮಾಡಿದಳು. ನೇಕಾರರು ನಕ್ಕರು. "ಗೊತ್ತು ಬಿಡಮ್ಮ, ಹೋದ್ವರ್ಷಾನೂ ಹಂಗೇ ಅಲ್ವಾ," ಎಂದರು ಒಬ್ಬರು. "ನಿಮ್ಮ ಕೊನೆ ದಿನಕ್ಕೆ ಕೊನೆ ಎಲ್ಲಿದೆ?" ಎಂದು ಇನ್ನೊಬ್ಬರು ಕಾಲೆಳೆದರು. ಮೊದಲು ಮಾಡಬೇಕಿದ್ದ ಫೋನು ಹೀಗೆ ಕೊನೆಗೆ ಉಳಿಯಿತು.

ಪುಟ್ಟಿಯ ಅಪ್ಪ ಅವಳಿಗೆ ನೆನಪಿಲ್ಲ. ಅವಳನ್ನು ಸಾಕಿದ್ದು ಚಿಕ್ಕಪ್ಪ, ಚಿಕ್ಕಮ್ಮ. ಮಗ್ಗದ ಮನೆಯಲ್ಲಿ ಬೆಳಕು ಬೀಳುವ ಕಿಟಕಿ ಒಂದೇ, ಅದರ ಕೆಳಗೇ ಮಗ್ಗ. ಚಿಕ್ಕಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರೆ, ಚಿಕ್ಕಮ್ಮ ಗೋಡೆಗೊರಗಿ ರಾಟೆ ತಿರುಗಿಸುತ್ತಾ ನೂಲು ಸುತ್ತುವಳು. ಪುಟ್ಟಿಗೆ ಕೂತು ಓದಲು ಬೆಳಕಿದ್ದ ಜಾಗವೂ ಅದೊಂದೇ. ಹಾಗಾಗಿ ಅವಳು ಚಿಕ್ಕಪ್ಪನ ಬೆನ್ನ ಹಿಂದೆ ಕೂತು ಪಾಠ ಓದುತ್ತಿದ್ದಳು, ಗಟ್ಟಿಯಾಗಿ, ಲಾಳಿಯ ಸದ್ದಿನ ಮೇಲೆ. ಎಲ್ಲಾದರೂ ತಡವರಿಸಿದರೆ ಲಾಳಿಯೂ ನಿಲ್ಲುತ್ತಿತ್ತು. "ಮುಂದೆ?" ಎನ್ನುವನು ಚಿಕ್ಕಪ್ಪ. ಸರಿಯಾಗಿ ಓದಿದ ಮೇಲೇ ಮತ್ತೆ ಲಾಳಿ ಓಡುವುದು.

ಈಗ ಓದುವ ಸರದಿ ಅವನದು. ಅವಳು ಬರೆದ ಪೋಸ್ಟು ಪೇಜಿನಲ್ಲಿ ಬಂದರೆ ತನ್ನ ಫೋನು ಟಿಣ್ ಎನ್ನುವಂತೆ ಯಾರಿಂದಲೋ ಮಾಡಿಸಿಕೊಂಡಿದ್ದ. ಟಿಣ್ ಎಂದರೆ ಮಗ್ಗ ಬಿಟ್ಟು ಎದ್ದು, ಟೀ ಅಂಗಡಿಗೆ ಹೋಗಿ, ಅಲ್ಲಿ ಕೂತ ನೇಕಾರರಿಗೆಲ್ಲ ಗಟ್ಟಿಯಾಗಿ ಓದಿ ಹೇಳುವನು. ಬೆಲೆಯ ಭಾಗ ಬಿಟ್ಟುಬಿಡುವನು. ಅದು ಅಂಗಡಿಯವರ ಮಾತು, ಮಿಕ್ಕಿದ್ದು ನಮ್ಮ ಹುಡುಗಿಯ ಮಾತು ಅನ್ನುವುದು ಅವನ ಲೆಕ್ಕ.

ಎಷ್ಟೋ ವರ್ಷ ಅವನು ಅಂಗಡಿಯವರ ನೂಲಿಗೆ, ಅಂಗಡಿಯವರು ಹೇಳಿದ ಬಣ್ಣಕ್ಕೆ ನೇಯ್ದವನು. ಆಗ ಸೀರೆ ಮಾರಾಟಕ್ಕೆ ಎಷ್ಟೋ ಮೊದಲೇ ಅಂಗಡಿ ಸೇರುತ್ತಿದ್ದರಿಂದ ಕೊನೆಯ ದಿನದ ಲೆಕ್ಕ ಅವನಿಗೆ ಬೇಕಾಗಿರಲಿಲ್ಲ, ಹೋದ ವರ್ಷ ಅವಧಿ ಮುಂದೆ ಹೋದದ್ದೂ ಜನ ಕೇಳಿದ್ದಕ್ಕೇ ಎಂದು ನಂಬಿದ್ದ. ಈ ಸಲ ಮೊದಲ ಬಾರಿಗೆ ಸ್ವಂತ ಹಾಸು, ಮಗ್ಗದ ಉದ್ದದ ಎಳೆಗಳನ್ನು, ಹೂಡಿದ್ದ. ಸ್ವಂತ ನೂಲು, ಸ್ವಂತ ಬಣ್ಣ. ಅಂಚಿನ ಚಿತ್ತಾರ ಅವನ ಅವ್ವನ ಹಳೆ ಸೀರೆಯದು. ಒಂದು ಹಾಸಿನಲ್ಲಿ ಮೂರು ಸೀರೆ. ಎರಡು ಆಗಲೇ ಅಂಗಡಿಗೆ ಬಂದು, ಫೋಟೊ ತೆಗೆಯುವ ಮೊದಲೇ ಅಲ್ಲೇ ಮಾರಿಹೋಗಿದ್ದವು. ಮೂರನೆಯದು ಮಗ್ಗದ ಮೇಲಿತ್ತು. ಈ ಮೂರನೆಯದನ್ನು ಪೇಜಿನಲ್ಲಿ ಹಾಕಬೇಕು, ನೇಯ್ದವರು ಯಾರೆಂದು ಕೆಳಗೆ ಬರೆಯಬೇಕು ಎಂದು ಅಕ್ಕನೇ ಹೇಳಿದ್ದಳು. ಆ ಅಂಗಡಿಯ ಯಾವ ಸೀರೆಯ ಕೆಳಗೂ ಈವರೆಗೆ ನೇಯ್ದವರ ಹೆಸರು ಬಂದಿರಲಿಲ್ಲ. ಚಿಕ್ಕಪ್ಪ ಆ ಮಾತು ಕೇಳಿದ ಮಾರನೆಯ ದಿನ ಕ್ಷೌರ ಮಾಡಿಸಿಕೊಂಡು, ತನ್ನದೊಂದು ಫೋಟೊ ತೆಗೆಸಿ ಕಳಿಸಿದ್ದ, ಬೇಕಾದರೆ ಇರಲಿ ಎಂದು.

ಪುಟ್ಟಿ ಫೋನ್ ಮಾಡಿದಾಗ ಅವನು ಸಡಗರದಲ್ಲಿದ್ದ.

"ಪುಟ್ಟಿ, ಬರುತ್ತಿದೆ ಅಂತ ಬರ್ದಿದ್ಯಲ್ಲ, ಓದ್ದೆ ಕಣೆ. ಎಲ್ರಿಗೂ ಓದಿದೆ. ಆ ಮೂಲೆಮನೆಯವನು ಏನಂದ ಗೊತ್ತಾ? ನಿಮ್ಮ ಹುಡುಗಿ ಬರ್ದಿದ್ದು ಅಂದ್ಮೇಲೆ ಅದರಲ್ಲಿ ಸುಳ್ಳಿರಲ್ಲ ಬಿಡಪ್ಪ ಅಂದ. ಅಂದು ನಕ್ಕ. ಖುಷಿ ಅವನಿಗೂ."

ಮೂಲೆಮನೆಯವನಿಗೆ ಪುಟ್ಟಿ ಆಗತಾನೆ ಫೋನ್ ಮಾಡಿ ಮುಗಿಸಿದ್ದಳು. ನಿಮ್ಮ ಕೊನೆ ದಿನಕ್ಕೆ ಕೊನೆ ಎಲ್ಲಿದೆ ಎಂದವನು ಅವನೇ.

"ಹೂಂ ಚಿಕ್ಕಪ್ಪ," ಎಂದಳು. "ಅದು... ಸೀರೆ ಎಲ್ಲೀವರೆಗೆ ಬಂತು?"

"ಒಡಲು ನಡೀತಾ ಇದೆ. ನಡುವೆ ಒಂದು ಕಡೆ ಅಂಚಲ್ಲಿ ಎಳೆ ತಪ್ಪಿತ್ತು, ಬಿಚ್ಚಿದೆ. ನಿನ್ನ ಚಿಕ್ಕಮ್ಮ ಬೈದಳು, ಯಾರ ಕಣ್ಣಿಗೂ ಕಾಣಲ್ಲ ಅಂತ. ನನ್ನ ಕಣ್ಣಿಗೆ ಕಾಣುತ್ತಲ್ಲ. ಒಂದು ದಿನ ಹೋಯ್ತು, ಹೋಗ್ಲಿ. ಆಮೇಲೆ ಸೆರಗು. ಯಾಕೆ, ಅವಸರವಾ?"

ಅಲ್ಲಿ ಹೇಳಬಹುದಿತ್ತು. ಅವಸರವಿಲ್ಲ ಚಿಕ್ಕಪ್ಪ, ಆ ಕೊನೆಯ ದಿನವೆಲ್ಲ ಸುಮ್ಮನೆ. ಅಷ್ಟೇ ಮಾತು. ಆದರೆ ಆ ಮಾತಿನ ಹಿಂದೆಯೇ ಇನ್ನೊಂದು ಬರುತ್ತಿತ್ತು: ಹಾಗಾದರೆ ನೀನು ಬರೆಯುವುದು? ಬೆನ್ನ ಹಿಂದೆ ಕೂತು ತಪ್ಪು ಓದಿದಾಗ ಲಾಳಿ ನಿಲ್ಲುತ್ತಿತ್ತಲ್ಲ, ಆ ಮೌನ ಅವಳಿಗೆ ಫೋನಿನಲ್ಲೇ ಕೇಳಿಸಿದಂತಾಯಿತು.

"ಅವಸರ ಅಂತೇನಿಲ್ಲ," ಎಂದಳು. "ಆದಷ್ಟು ಬೇಗ ಕಳ್ಸು."

ನಾಳೆ ಹೇಳಿದರಾಯಿತು ಎಂದುಕೊಂಡು ಫೋನ್ ಇಟ್ಟಳು.

ಮಾರಾಟ ಶುರುವಾಯಿತು. ಆಮೇಲೆ ನಾಳೆ ಅನ್ನುವುದು ಎಲ್ಲಿ ಸಿಗಬೇಕು? ಬಣ್ಣ ಫೋಟೊದಲ್ಲಿರುವ ಹಾಗೇ ಇದೆಯಾ ಅನ್ನುವವರಿಗೆ, ಬೆಳಕಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಕಾಣಬಹುದು ಎಂದು ಬರೆಯಬೇಕು. ವಿಡಿಯೊ ಕಳಿಸಿ ಅನ್ನುವವರಿಗೆ ಕಿಟಕಿಯ ಹತ್ತಿರ ಸೀರೆ ಹಿಡಿದು ವಿಡಿಯೊ ಮಾಡಬೇಕು. ಕೈಮಗ್ಗವಾ, ಖಚಿತವಾ ಅನ್ನುವವರಿಗೆ ಅಂಚಿನ ಹಿಂಬದಿ ತೋರಿಸಬೇಕು. ತಮಗೆಂದು ಎತ್ತಿಡಲು ಹೇಳಿ ಆಮೇಲೆ ಪತ್ತೆಯಿಲ್ಲದವರ ಸೀರೆಯನ್ನು ಮತ್ತೆ ಮಾರಾಟಕ್ಕೆ ಬಿಡಬೇಕು. ಇದರ ನಡುವೆ ಪೋಸ್ಟುಗಳು ತಮ್ಮ ಪಾಡಿಗೆ ತಾವು ಹೋಗುತ್ತಲೇ ಇದ್ದವು.

ಐದು ದಿನದ ಪೋಸ್ಟು ಹೋದ ಸಂಜೆ ಚಿಕ್ಕಪ್ಪನ ಧ್ವನಿ ಸಂದೇಶ ಬಂತು. ಹಿಂದೆ ಟೀ ಲೋಟದ ಸದ್ದು. "ಮಗ್ಗ ನಿಧಾನ, ಹಬ್ಬ ನಿಧಾನವಲ್ಲ. ಎಂಥಾ ಮಾತು ಬರ್ದಿದ್ಯೇ! ನನಗೇ ಹೇಳ್ದಂಗಿದೆ. ಆಯ್ತು ಮಾರಾಯ್ತಿ, ನಾನೂ ನಿಧಾನ ಮಾಡಲ್ಲ." ಹಿಂದೆ ಯಾರೋ ನಕ್ಕರು. ಪುಟ್ಟಿ ಅದನ್ನು ಕೇಳಿ, ಉತ್ತರ ಬರೆಯಲು ಹೋಗಿ, ಅಳಿಸಿ, ಒಂದು ಕೈಮುಗಿಯುವ ಚಿತ್ರ ಕಳಿಸಿದಳು.

ಮೂರು ದಿನದ ಪೋಸ್ಟಿಗೆ ಸಂದೇಶ ಬರಲಿಲ್ಲ. ಮಗ್ಗ ಬಿಟ್ಟು ಏಳುತ್ತಿಲ್ಲ ಎಂದು ಅವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ. ಹೊಳೆದದ್ದನ್ನು ಅವಳು ಪೆಟ್ಟಿಗೆಗಳ ಅಟ್ಟಿಯ ಹಿಂದೆ ತಳ್ಳಿ ಇಟ್ಟಳು.

ಕೊನೆಯ ದಿನ ಸಂಜೆ, ಕೆಳಗೆ ಅಂಗಡಿಯಲ್ಲಿ ಗಿರಾಕಿಗಳು ಕರಗುತ್ತಾ ಬಂದಿದ್ದರು. ಮೇಲೆ ಮೂವರೇ: ಅಕ್ಕ ವಿಳಾಸದ ಚೀಟಿ ಅಂಟಿಸುತ್ತಿದ್ದಳು, ಮಡಿಕೆ ಮಾಮ ಪೆಟ್ಟಿಗೆ ಮುಚ್ಚುತ್ತಿದ್ದ, ಪುಟ್ಟಿ 'ಮುಗಿಯಲು ಇನ್ನು ಸ್ವಲ್ಪವೇ ಹೊತ್ತು' ಎನ್ನುವ ಪೋಸ್ಟಿನ ಕೆಳಗೆ ಕೇಳಿದವರಿಗೆ ಉತ್ತರ ಬರೆಯುತ್ತಿದ್ದಳು. ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ. ಆಮೇಲೆ ಆ ಕೂಗು.

"ಪುಟ್ಟೀ! ಏಳು ಆಗಿಲ್ಲ ತಾನೇ?"

ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದ. ಎದೆಗವಚಿಕೊಂಡಿದ್ದು ಹಳೆ ಪಂಚೆಯಲ್ಲಿ ಸುತ್ತಿದ ಗಂಟು. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿತ್ತು, ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದ. ಬೆರಳ ತುದಿಗೆ ಬಟ್ಟೆಯ ಚೂರು ಕಟ್ಟಿಕೊಂಡಿದ್ದ.

"ಇನ್ನೂ ಟೈಮಿದೆ, ಬಾ ಕೂತ್ಕೋ," ಎಂದು ಅಕ್ಕ ಎದ್ದು ತನ್ನ ಕುರ್ಚಿಯನ್ನೇ ಕೊಟ್ಟಳು. "ಇದೇನು ಈ ವೇಷ? ಬಸ್ಸಲ್ಲೇ ಬಂದ್ಯಾ, ಓಡ್ಕೊಂಡು ಬಂದ್ಯಾ?"

"ಬಸ್ಸು ನಿಧಾನ ತಾಯಿ. ನಡುವೆ ಇಳಿದು ತಳ್ಳೋಣ ಅನ್ಸಿತ್ತು." ಅವನು ನಗಲು ನೋಡಿದ. ಗಂಟು ಮೇಜಿನ ಮೇಲಿಟ್ಟ, ಆದರೆ ಕೈ ತೆಗೆಯಲಿಲ್ಲ.

ಮಡಿಕೆ ಮಾಮ ಅಳತೆಯ ಕೋಲು ಎತ್ತಿಕೊಂಡು ಬಂದ. ಅಂಗಡಿಗೆ ಬಂದ ಪ್ರತಿ ಸೀರೆಯನ್ನೂ ಅಳೆದೇ ಮಡಿಸುವುದು ಅವನ ಕೆಲಸ, ಅದರಲ್ಲಿ ಯಾರ ಮುಖವನ್ನೂ ನೋಡುವವನಲ್ಲ. ಆದರೆ ಚಿಕ್ಕಪ್ಪನ ಸೀರೆಗೆ ಮಾತ್ರ ಕೋಲು ಹಿಡಿದಂತೆ ಮಾಡಿ, "ಇದನ್ನೇನು ಅಳಿಯೋದು, ಕೋಲೇ ತಪ್ಪಿರ್ಬೇಕು ಅಷ್ಟೇ," ಎನ್ನುವುದು ಅವರಿಬ್ಬರ ಹಳೆಯ ತಮಾಷೆ.

"ಇವತ್ತು ಆ ಮಾತು ಆಡ್ಬೇಡ ಮಾರಾಯ," ಎಂದ ಚಿಕ್ಕಪ್ಪ. "ಅಳೀಲೂ ಬೇಡ. ನಾನೇ ಹೇಳ್ತೀನಿ." ಗಂಟು ಬಿಚ್ಚಿದ.

ಸೀರೆ ಮೇಜಿನ ಮೇಲೆ ಹರಡಿತು. ಉಂಗುರದ ದೀಪ ಹೊತ್ತಿಸಿರಲಿಲ್ಲ, ಆದರೂ ಆ ಬಣ್ಣ ಕೋಣೆಯ ಬೆಳಕನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಂತಿತ್ತು. ಅಂಚಿನಲ್ಲಿ ಒಂದು ಎಳೆಯೂ ಆಚೀಚೆ ಇರಲಿಲ್ಲ. ಸೆರಗಿನ ಚಿತ್ತಾರ ಮುಟ್ಟಿದರೆ ಬೆರಳಿಗೆ ಸಿಗುವಷ್ಟು ದಟ್ಟವಾಗಿತ್ತು.

"ಒಂದೂವರೆ ಮೊಳ ಗಿಡ್ಡ," ಎಂದ ಚಿಕ್ಕಪ್ಪ.

ಮಡಿಕೆ ಮಾಮ ಅಳತೆಯ ಕೋಲನ್ನು ಮೆಲ್ಲಗೆ ಮೇಜಿನ ಕೆಳಗಿಟ್ಟ.

"ಒಡಲು ಪೂರ್ತಿ ನೇಯ್ತಾ ಕೂತ್ರೆ ಸೆರಗಿಗೆ ದಿನ ಸಾಲ್ತಿರ್ಲಿಲ್ಲ. ಸೆರಗಿನ ಕೆಲಸ ನಿಮಗೇ ಗೊತ್ತು, ಅವಸರ ಮಾಡಿದ್ರೆ ಕೆಟ್ಟುಹೋಗುತ್ತೆ. ಇನ್ನು ಮೂರು ದಿನ ಅಂತ ಬಂತು. ಯಾರದೋ ಪಾಲಾಗುವ ಮುನ್ನ ಬನ್ನಿ ಅಂತ ಇವಳು ಬರ್ದಿದ್ಲು. ಅಷ್ಟು ಖಂಡಿತವಾಗಿ ಬರ್ದಿದ್ಲಲ್ಲ. ಒಡಲು ಅಲ್ಲಿಗೇ ನಿಲ್ಸಿ ಸೆರಗಿಗೆ ಹೋದೆ. ಮನಸ್ಸು ಬರ್ಲಿಲ್ಲ. ಆದ್ರೂ ಹೋದೆ." ಅವನು ಸೀರೆಯನ್ನೇ ನೋಡುತ್ತಿದ್ದ. "ಹಾಸು ಇನ್ನೂ ಇತ್ತು. ಮಗ್ಗದ ಮೇಲೆ ಹಂಗೇ ಉಳ್ಕೊಂಡಿದೆ. ಹಾಸು ಇಟ್ಕೊಂಡೂ ಗಿಡ್ಡ ಸೀರೆ ಕುಯ್ದವನು ನಮ್ಮ ಮನೇಲಿ ನಾನೇ ಮೊದಲು."

ಒಂದೂವರೆ ಮೊಳ ಕಡಿಮೆಯಾದ ಸೀರೆಯಲ್ಲಿ ನೆರಿಗೆ ನಿಲ್ಲುವುದಿಲ್ಲ. ನೆರಿಗೆ ಇಟ್ಟರೆ ಸೆರಗು ಹೆಗಲು ಹಾಯುವುದಿಲ್ಲ. ಉಡಲಾಗದ ಸೀರೆ ಅದು. ಮಗ್ಗದಿಂದ ಕುಯ್ದ ಮೇಲೆ ಸೇರಿಸಿ ನೇಯುವುದೂ ಆಗದ ಮಾತು. ಅಲ್ಲಿದ್ದ ನಾಲ್ವರಿಗೂ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

"ತೆಳ್ಳಗಿರೋರು ಯಾರಾದ್ರೂ..." ಎಂದು ಶುರು ಮಾಡಿದ ಮಡಿಕೆ ಮಾಮ ಅಲ್ಲಿಗೇ ನಿಲ್ಲಿಸಿದ.

"ನನ್ನ ತಪ್ಪು ಅಕ್ಕ," ಎಂದ ಚಿಕ್ಕಪ್ಪ. "ಆ ದಿನ ಬಿಚ್ಚದೆ ಇದ್ದಿದ್ರೆ ಆಗ್ತಿತ್ತು. ನೀವು ಹೆಸರು ಹಾಕ್ತೀನಿ ಅಂದ್ರಿ, ನಾನು ಈ ಕೆಲಸ ಮಾಡಿ ತಂದೆ. ಮುಖ ತೋರ್ಸಕ್ಕೆ ನಾಚಿಕೆ ಆಗ್ತಿದೆ. ಆದ್ರೂ ಕೊಟ್ಟ ಮಾತು, ಟೈಮಿಗೆ ತಂದೆ ಅಂತಾದ್ರೂ ಆಗ್ಲಿ ಅಂತ ಬಂದೆ."

ಅಕ್ಕ ತಲೆಯೆತ್ತಿ ಪುಟ್ಟಿಯ ಕಡೆ ನೋಡಿದಳು. ನೀನು ಹೇಳಲಿಲ್ಲವಾ ಎಂದು ಆ ನೋಟ ಕೇಳಿತು. ಪುಟ್ಟಿ ಕಂಪ್ಯೂಟರಿನ ಪರದೆಯ ಕಡೆ ತಿರುಗಿದಳು. ಅಲ್ಲಿ ಅವಳದೇ ಮಾತು ದಪ್ಪ ಅಕ್ಷರದಲ್ಲಿತ್ತು. ಗಿಡ್ಡ ಸೀರೆಯ ಮೇಲೆ ಚಿಕ್ಕಪ್ಪ ನಾಚಿಕೆಯಿಂದ ತಲೆ ತಗ್ಗಿಸಿದ್ದಾನೆ. ಅದು ಅವನ ಪಾಲಿನ ನಾಚಿಕೆಯಲ್ಲ. ಅವಳ ಪಾಲಿನದನ್ನು ಅವನು ಹೊತ್ತುಕೊಂಡು ಬಸ್ಸಿನಲ್ಲಿ ತಂದಿದ್ದಾನೆ. ಈಗಲಾದರೂ ಎದ್ದು ಇಸಿದುಕೊಳ್ಳಬೇಕು. ಅವಳು ಏಳಲಿಲ್ಲ.

ಟೀ ತರಿಸಿದರು. ಚಿಕ್ಕಪ್ಪ ಕುಡಿದ. ಚಿಕ್ಕಮ್ಮನ ಆರೋಗ್ಯ, ನೂಲಿನ ಬಣ್ಣ, ಬಸ್ಸಿನ ಗದ್ದಲ ಎಂದು ಅಕ್ಕ ಏನೇನೋ ಮಾತು ಎಳೆದಳು. ಪುಟ್ಟಿಗೆ ಆಗ ನೆನಪಾದದ್ದು ಎಂಟು ಗಂಟೆಯ ಪೋಸ್ಟು. ನಿಲ್ಲಿಸಬೇಕು ಎಂದು ಕೈ ಚಾಚಿದಳು. ನಿಲ್ಲಿಸಿದರೆ ಅವನಿಂದ ಮುಚ್ಚಿಟ್ಟ ಹಾಗೆ. ಬಿಟ್ಟರೆ? ಮೌಸಿನ ಮೇಲೆ ಕೈಯಿಟ್ಟು ಅವಳು ಹಾಗೇ ಕೂತಿರುವಾಗ, ಚಿಕ್ಕಪ್ಪನ ಜೇಬಿನಲ್ಲಿ ಟಿಣ್ ಎಂದಿತು.

ಅಭ್ಯಾಸಬಲ. ಅವನು ಫೋನ್ ತೆಗೆದು, ತೋಳುದ್ದ ದೂರ ಹಿಡಿದು, ಗಟ್ಟಿಯಾಗಿಯೇ ಓದಿದ.

"ನಿಮ್ಮ ಒತ್ತಾಯಕ್ಕೆ ಮಣಿದು, ಬರುವ ಭಾನುವಾರದವರೆಗೆ. ನೀವು ಕೇಳಿದಿರಿ, ಇಲ್ಲವೆನ್ನಲು ನಮಗೆ ಬಾಯಿ ಬರಲಿಲ್ಲ." ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಬೇಸರದ ನಗು ನಕ್ಕ. "ಅಯ್ಯೋ, ಯಾರಪ್ಪ ಒತ್ತಾಯ ಮಾಡಿದ ಪುಣ್ಯಾತ್ಮರು! ಒಂದಿನ ಮುಂಚೆ ಮಾಡ್ಬಾರ್ದಿತ್ತಾ? ಹೋಗ್ಲಿ ಬಿಡಿ, ನಿಮಗೆ ಒಳ್ಳೇದಾಯ್ತು. ಜನಕ್ಕೆ ಬೇಕಾಗಿದೆ ಅಂತಾಯ್ತಲ್ಲ." ಪುಟ್ಟಿಯ ಕಡೆ ತಿರುಗಿದ. "ಇಲ್ಲೇ ಕೂತಿದ್ಯಲ್ಲೇ, ಯಾವಾಗ ಬರ್ದೆ ಇದನ್ನ?"

ಮಡಿಕೆ ಮಾಮ ಸುಮ್ಮನೆ ಕೆಮ್ಮಿ, ಖಾಲಿ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಕೆಳಗೆ ಇಳಿದುಹೋದ. ಅಕ್ಕ ಚೀಟಿಗಳ ಮೇಲೆ ಬಗ್ಗಿದಳು.

"ಬಾ ಚಿಕ್ಕಪ್ಪ," ಎಂದಳು ಪುಟ್ಟಿ. "ಬಸ್ಸಿಗೆ ಬಿಟ್ಟು ಬರ್ತೀನಿ."

ಅಂಗಡಿ ಬೀದಿಯಲ್ಲಿ ಬಾಗಿಲುಗಳು ಒಂದೊಂದಾಗಿ ಕೆಳಗಿಳಿಯುತ್ತಿದ್ದವು. ಚಿಕ್ಕಪ್ಪ ಗಂಟನ್ನು ಮತ್ತೆ ಎದೆಗವಚಿಕೊಂಡಿದ್ದ. ಅಕ್ಕ ಇಲ್ಲೇ ಇರಲಿ ಬಿಡು ಎಂದಿದ್ದಳು. ಅವನು ಬಿಟ್ಟಿರಲಿಲ್ಲ. ಮೂಲೆ ತಿರುಗಿದ ಮೇಲೆ ಪುಟ್ಟಿ ಹೇಳಿದಳು.

"ಅದು ಇವತ್ತು ಬರ್ದಿದ್ದಲ್ಲ ಚಿಕ್ಕಪ್ಪ. ಎಲ್ಲಾ ಒಂದೇ ದಿನ ಬರ್ದಿದ್ದು. ಮಾರಾಟಕ್ಕೆ ಮುಂಚೆ."

"ಯಾವ್ದು?"

"ಕೊನೆ ದಿನ ಅನ್ನೋದು. ಆಮೇಲೆ ಮುಂದಕ್ಕೆ ಹಾಕಿದ್ದು ಅನ್ನೋದು. ಎರಡೂ."

ಅವನು ನಡೆಯುತ್ತಲೇ ಇದ್ದ. ಅರ್ಥವಾಗಲು ಅವನಿಗೆ ಅಷ್ಟು ಹೊತ್ತು ಬೇಕಾಯಿತೋ, ಅರ್ಥವಾದದ್ದನ್ನು ನಂಬಲು ಬೇಕಾಯಿತೋ.

"ಹಂಗಾದ್ರೆ ಒತ್ತಾಯ ಯಾರು ಮಾಡಿದ್ದು?"

"ಯಾರೂ ಮಾಡಿಲ್ಲ. ಪ್ರತಿ ಸಲ ಹಿಂಗೇ. ನೇಕಾರರಿಗೆಲ್ಲ ಮುಂಚೇನೇ ಹೇಳಿರ್ತೀವಿ, ಭಾನುವಾರದವರೆಗೂ ತರ್ಬೋದು ಅಂತ."

"ಎಲ್ರಿಗೂ?"

"ಹೂಂ."

"ಮೂಲೆಮನೆಯವನಿಗೂ?"

"ಅವನಿಗೂ."

ಚಿಕ್ಕಪ್ಪ ನಿಂತ. ಬೀದಿದೀಪ ಅವನ ಬೆನ್ನಿಗಿತ್ತು, ಮುಖ ಕಾಣುತ್ತಿರಲಿಲ್ಲ. "ಹಂಗಾದ್ರೆ," ಎಂದ, ಮೆಲ್ಲಗೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ, "ನಾನು ಟೀ ಅಂಗಡೀಲಿ ಓದ್ತಿದ್ನಲ್ಲ ಪುಟ್ಟಿ, ಅವರು ನಗ್ತಿದ್ದಿದ್ದು ಖುಷಿಗಲ್ವಾ?"

ಪುಟ್ಟಿ ಅಲ್ಲವೆಂದು ತಲೆಯಾಡಿಸಿದಳು.

"ನನಗೆ ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತು. ನೀನು ಅಷ್ಟು ನಂಬಿ ಓದ್ತಿದ್ದೆ. ಹೇಳೋಣ ಹೇಳೋಣ ಅಂತ ದಿನ ಹೋಯ್ತು."

"ಒಬ್ಬನಿಗೆ ಹೇಳೋಕೆ ಅಷ್ಟು ನಾಚಿಕೆ ಆಯ್ತು," ಎಂದ ಅವನು. "ಊರಿಗೆಲ್ಲ ಬರ್ಯೋವಾಗ ಆಗ್ಲಿಲ್ಲ."

ಅದರಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಬಟ್ಟೆ ಬೆಳಕಿಗೆ ಹಿಡಿದು ಎಳೆ ಎಲ್ಲಿ ತಪ್ಪಿದೆ ಎಂದು ನೋಡುವವನ ದನಿ ಅದು. ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು. ಅವನು ಬೈಯಲಿಲ್ಲ. ಬಸ್ಸು ಬಂದಾಗ, "ಊಟ ಮಾಡಿ ಮಲಗು, ಸೊರಗಿದ್ದೀಯ," ಎಂದು ಹತ್ತಿಕೊಂಡ. ಕಿಟಕಿಯ ಸೀಟು ಸಿಕ್ಕಿತು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ. ಯಾವಾಗಲೂ ಬಸ್ಸು ತಿರುಗುವವರೆಗೂ ಕೈ ಬೀಸುವವನು, ಅವತ್ತು ಕೈ ಖಾಲಿಯಿರಲಿಲ್ಲವೇನೋ.

ಮಾರನೆಯ ದಿನ ಅಂಗಡಿ ತೆರೆಯುವ ಮೊದಲೇ ಬಂದು ಪುಟ್ಟಿ ಒಂದು ಪೋಸ್ಟು ಬರೆದಳು. ಕೊನೆಯ ದಿನ ಎಂದು ನಾವು ಬರೆದದ್ದು ನಿಜವಾಗಿರಲಿಲ್ಲ, ಅದನ್ನು ನಂಬಿದ ಒಬ್ಬರು ಒಳ್ಳೆಯ ಸೀರೆಯೊಂದನ್ನು ಗಿಡ್ಡವಾಗಿ ಕುಯ್ದು ತಂದರು, ತಪ್ಪು ನೇಯ್ದವರದಲ್ಲ, ಬರೆದವರದು. ಅಷ್ಟೇ. ಅಲಂಕಾರ ಒಂದೂ ಇರಲಿಲ್ಲ. ಬರೆದು ಅಕ್ಕನಿಗೆ ತೋರಿಸಿದಳು. ಕೆಲಸ ಬಿಡಿಸಿದರೂ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಅಕ್ಕ ನಿಂತೇ ಓದಿದಳು. ಓದುತ್ತಾ ಓದುತ್ತಾ ಅವಳ ಕಣ್ಣು ತುಂಬಿತು. ನಿಜವಾಗಿಯೇ ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು, "ಇದಕ್ಕೆ ಆ ಸೀರೆ ಫೋಟೊ ಹಾಕಣ ಕಣೆ," ಎಂದಳು. "ಚಿಕ್ಕಪ್ಪನ ಕ್ಷೌರದ ಫೋಟೊ ಬೇಡ, ನಿನ್ನೆ ಬಂದಿದ್ನಲ್ಲ, ಆ ಗಡ್ಡ, ಆ ಬೆರಳಿನ ಪಟ್ಟಿ, ಅಂಥದ್ದೊಂದು ಸಿಕ್ರೆ. ಜನ ಎಷ್ಟು ಮೆಚ್ಕೋತಾರೆ ಗೊತ್ತಾ? ಭಾನುವಾರದವರೆಗೆ ಇದೊಂದೇ ಸಾಕು. ಇಂಥ ಮಾತು ನಿನಗೊಬ್ಬಳಿಗೇ ಬರೋದು."

ಪುಟ್ಟಿ ತಾನು ಬರೆದದ್ದನ್ನು ಮತ್ತೆ ಓದಿದಳು. ಮನೆಯವರೇ ಕೂತು ಹೇಳಿದ ಹಾಗಿತ್ತು. ಎಲ್ಲಿ ನಿಲ್ಲಿಸಿದರೆ ಓದುವವರ ಎದೆ ಹಿಡಿಯುತ್ತದೋ ಅಲ್ಲೇ ನಿಂತಿತ್ತು. ಅವಳ ಕೈಗೆ ಅದೊಂದು ಅಭ್ಯಾಸವಾಗಿಹೋಗಿತ್ತು.

"ಬೇಡ ಅಕ್ಕ," ಎಂದು ಅಳಿಸಿಹಾಕಿದಳು.

ಅಕ್ಕ ಒತ್ತಾಯ ಮಾಡಲಿಲ್ಲ. ಕೆಲಸವನ್ನೂ ಬಿಡಿಸಲಿಲ್ಲ. ಪುಟ್ಟಿಯೂ ಬಿಡಲಿಲ್ಲ. ಮುಂದಿನ ಸೀಸನ್ನಿಗೆ 'ಕೊನೆಯ ದಿನ' ಎಂದು ಬರೆಯುವುದು ಬೇಡ ಎಂದು ಅವಳು ಒಮ್ಮೆ ಹೇಳಿದಳು. "ಎದುರಿನ ಅಂಗಡಿಯವರು ಬರೀತಾರಲ್ಲೇ," ಎಂದಳು ಅಕ್ಕ. ಆ ಮಾತು ಅಲ್ಲಿಗೆ ನಿಂತಿತು. ಗಿಡ್ಡ ಸೀರೆ ಏನಾಯಿತೆಂದು ಪುಟ್ಟಿ ಚಿಕ್ಕಮ್ಮನನ್ನು ಕೇಳಿದ್ದಳು. ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಯಾರಿಗೂ ತೋರಿಸುವುದಿಲ್ಲ, ನೀನೂ ಕೇಳಬೇಡ ಎಂದಳು ಚಿಕ್ಕಮ್ಮ. ಮಗ್ಗದ ಮೇಲೆ ಉಳಿದ ಹಾಸಿನ ತುದಿಗೆ ಎಳೆಗೆ ಎಳೆ ಕೂಡಿಸಿ ಹೊಸ ಹಾಸು ಹೂಡಿದ್ದಾರಂತೆ. ಅಂಗಡಿಯ ನೂಲು, ಅಂಗಡಿಯ ಬಣ್ಣ.

ಮುಂದಿನ ಸೀಸನ್ನಿನಲ್ಲೂ ಮಹಡಿಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಈ ಸಲ ಮೊದಲು ಚಿಕ್ಕಪ್ಪನಿಗೇ ಫೋನ್ ಮಾಡುವುದು ಎಂದು ಪುಟ್ಟಿ ಗಟ್ಟಿ ಮಾಡಿಕೊಂಡಿದ್ದಳು. ಬೆಳಿಗ್ಗೆಯಿಂದ ಎರಡು ಸಲ ಫೋನ್ ಕೈಗೆತ್ತಿಕೊಂಡೂ ಇದ್ದಳು. ಅಷ್ಟರಲ್ಲಿ ದಿನ ಎಣಿಸುವ ಮೊದಲ ಪೋಸ್ಟು ಹೋಯಿತು. ಹೋಗಿ ಸ್ವಲ್ಪ ಹೊತ್ತಿಗೇ ಅವಳ ಫೋನು ಬಡಿದುಕೊಂಡಿತು. ಹಿಂದೆ ಟೀ ಲೋಟದ ಸದ್ದಿರಲಿಲ್ಲ. ಮನೆಯಿಂದಲೇ ಮಾಡಿದ್ದ.

"ಪುಟ್ಟಿ, ಊಟ ಆಯ್ತಾ?"

"ಆಯ್ತು ಚಿಕ್ಕಪ್ಪ."

"ಪೋಸ್ಟು ಬಂತು." ಚೆನ್ನಾಗಿದೆ ಎನ್ನಲಿಲ್ಲ, ಓದಿ ಹೇಳಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ ಕೇಳಿದ: "ಇದು ನಿಜವಾದ ಕೊನೆ ದಿನಾನಾ, ಬರೆದ ಕೊನೆ ದಿನಾನಾ?"

ಮೇಜಿನ ಆ ತುದಿಯಲ್ಲಿ ಮಡಿಕೆ ಮಾಮನ ಕೈ ನಿಂತಿತು. ಅವನ ಕಿವಿ ಚುರುಕು.

"ಬರೆದಿದ್ದು, ಚಿಕ್ಕಪ್ಪ," ಎಂದಳು ಪುಟ್ಟಿ.

"ಹಂಗಾದ್ರೆ ಸರಿ. ಸೆರಗು ನಿಧಾನಕ್ಕೆ ನೇಯ್ತೀನಿ."

ಅವನು ಫೋನ್ ಆರಿಸುವುದನ್ನು ಮರೆತು ಪಕ್ಕಕ್ಕಿಟ್ಟನೆಂದು ತೋರುತ್ತದೆ. ಆ ಕಡೆ ಲಾಳಿ ಓಡತೊಡಗಿತು. ಪುಟ್ಟಿ ಕಿವಿಗೆ ಹಿಡಿದುಕೊಂಡೇ ಕೂತಳು. ಅವಳೆದುರು ಪರದೆಯಲ್ಲಿ, ಅಕ್ಕನ ಜೊತೆ ಕೂತ ದಿನ ಬರೆಯದೆ ಉಳಿಸಿಕೊಂಡಿದ್ದ ಕೊನೆಯ ದಿನದ ಸಂಜೆಯ ಪೋಸ್ಟು ಅರ್ಧಕ್ಕೆ ನಿಂತಿತ್ತು. ಮುಂದಿನ ಮಾತು ಅವಳಿಗೆ ಗೊತ್ತಿತ್ತು, ಬೆರಳಿಗೂ ಗೊತ್ತಿತ್ತು. ಬರೆಯಲಾಗಲಿಲ್ಲ. ಆ ಕಡೆ ಲಾಳಿ ಎಲ್ಲೂ ನಿಲ್ಲದೆ ಓಡುತ್ತಿತ್ತು. ಮುಂದೆ ಎಂದು ಅವನು ಕೇಳಲಿಲ್ಲ.